ಮೌನ ಸಮ್ಮತಿ ಲಕ್ಷಣ ಅಲ್ಲ: ದೋಸೆ ಹಿಟ್ಟಿನ ಮೆಸೇಜ್ ಬಗ್ಗೆ ಒಂದು ತಕರಾರು

ಹಾರ್ಲೆಮ್‌ನ ಯಾವ ಬೀದಿಯಲ್ಲಿ ನಡೆದರೂ ಮನೆ ಬಾಗಿಲಿನ ಅಂಚೆ ಕಿಂಡಿಯ ಪಕ್ಕ ಒಂದು ಪುಟ್ಟ ಸ್ಟಿಕ್ಕರ್ ಕಣ್ಣಿಗೆ ಬೀಳುತ್ತೆ. ಕೆಲವು ಮನೆಗಳಲ್ಲಿ ‘ನೇ-ಯಾ’ ಅಂತಿರುತ್ತೆ, ಕೆಲವು ಮನೆಗಳಲ್ಲಿ ‘ನೇ-ನೇ’. ಡಚ್‌ನಲ್ಲಿ ನೇ ಅಂದರೆ ಬೇಡ, ಯಾ ಅಂದರೆ ಹೌದು. ಮೊದಲನೇ ಸ್ಟಿಕ್ಕರ್ ಹೇಳೋದು ಇಷ್ಟು: ವಿಳಾಸವಿಲ್ಲದ ಜಾಹೀರಾತು ಕಾಗದ ಬೇಡ, ಬಡಾವಣೆಯ ಉಚಿತ ಪತ್ರಿಕೆ ಮಾತ್ರ ಹಾಕಿ. ಎರಡನೆಯದು ಎರಡೂ ಬೇಡ ಅನ್ನುತ್ತೆ. ಪಕ್ಕದ ಆಮ್ಸ್ಟರ್‌ಡ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2018ರ ಜನವರಿ 1ರಿಂದ ಅಲ್ಲಿ ‘ಯಾ-ಯಾ’ ಅಂತ ಹಚ್ಚಿಕೊಂಡ ಮನೆಗೆ ಮಾತ್ರ ಜಾಹೀರಾತು ಹಾಕಬಹುದು. ಬಾಗಿಲ ಮೇಲೆ ಏನೂ ಇಲ್ಲದಿದ್ದರೆ ಬೇಡ ಅಂತಲೇ ಅರ್ಥ. ಇದರ ವಿರುದ್ಧ ಜಾಹೀರಾತು ಉದ್ಯಮದವರು ಕೋರ್ಟಿಗೆ ಹೋದರು. 2021ರಲ್ಲಿ ಈ ದೇಶದ ಅತ್ಯುನ್ನತ ನ್ಯಾಯಾಲಯ ನಗರಸಭೆಗೆ ಹಾಗೆ ಮಾಡುವ ಹಕ್ಕಿದೆ ಅಂತ ಹೇಳಿತು.

ಈಗ ಅದೇ ಮನೆಯ ಒಳಗೆ ಬನ್ನಿ. ಅಡುಗೆಮನೆ ಕಟ್ಟೆ ಮೇಲಿರೋ ಫೋನ್ ನೋಡಿ. ದೋಸೆ ಹಿಟ್ಟು, ಚಕ್ಕುಲಿ, ಇಳಕಲ್ ಸೀರೆ, ಭರತನಾಟ್ಯ ಕ್ಲಾಸು, ಊರಲ್ಲಿ ಸೈಟು, ಎಲ್ಲವೂ ವಾಟ್ಸಾಪ್‌ನಲ್ಲಿ ಬಂದು ಬೀಳ್ತಾ ಇವೆ. ಕಳಿಸುವವರು ದೊಡ್ಡ ಕಂಪನಿಗಳಲ್ಲ, ನಮ್ಮವರೇ. ನಿಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತು? ಯಾವುದೋ ಹಬ್ಬದ ಊಟಕ್ಕೆ ಹೆಸರು ಕೊಟ್ಟಾಗ ನೀವೇ ಬರೆದಿದ್ದಿರಿ. ಕೇಳಿದರೆ ಉತ್ತರ ಸಿದ್ಧವಾಗಿರುತ್ತೆ: “ನಮ್ಮವರೇ ಅಲ್ವಾ, ಬೇಡ ಅಂದಿದ್ರೆ ಹೇಳ್ತಿದ್ರು.”

ನನ್ನ ತಕರಾರು ಇರೋದು ಈ ಒಂದು ವಾಕ್ಯದ ಮೇಲೆ. ಮೌನಂ ಸಮ್ಮತಿ ಲಕ್ಷಣಂ ಅಂತ ನಾವು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೀವಿ. ವ್ಯಾಪಾರದ ಮೆಸೇಜ್ ವಿಷಯದಲ್ಲಿ ಅದು ತಪ್ಪು. ಕಾನೂನಿನ ಪ್ರಕಾರವೂ ತಪ್ಪು, ಲೆಕ್ಕದ ಪ್ರಕಾರವೂ ತಪ್ಪು. ಲೆಕ್ಕ ನನ್ನ ಕಸುಬು, ಹಾಗಾಗಿ ಅದನ್ನೇ ಹೆಚ್ಚು ಹೇಳ್ತೀನಿ.

ಕಾನೂನು ಚಿಕ್ಕದಾಗಿ ಮುಗಿಸೋಣ

ನೆದರ್ಲೆಂಡ್ಸ್‌ನ ಟೆಲಿಕಾಂ ಕಾಯ್ದೆಯ 11.7ನೇ ವಿಧಿ ಪ್ರಕಾರ ಮಾರಾಟದ ಎಲೆಕ್ಟ್ರಾನಿಕ್ ಸಂದೇಶ ಕಳಿಸೋಕೆ ಮೊದಲೇ ಒಪ್ಪಿಗೆ ಬೇಕು. ಇದನ್ನು ನೋಡಿಕೊಳ್ಳುವ ಸಂಸ್ಥೆ ಎಸಿಎಂ. ಒಪ್ಪಿಗೆ ಇತ್ತು ಅಂತ ತೋರಿಸುವ ಹೊಣೆ ಕಳಿಸಿದವರದ್ದು. ಒಂದು ವಿನಾಯಿತಿ ಇದೆ. ಒಬ್ಬರು ನಿಮ್ಮಿಂದ ಏನನ್ನೋ ಕೊಂಡಾಗ ನಂಬರ್ ಕೊಟ್ಟಿದ್ದರೆ, ಅದೇ ತರಹದ ನಿಮ್ಮದೇ ಪದಾರ್ಥದ ಬಗ್ಗೆ ಅವರಿಗೆ ಬರೆಯಬಹುದು. ಆದರೆ ನಂಬರ್ ತಗೊಳ್ಳುವಾಗಲೂ, ಆಮೇಲೆ ಪ್ರತಿ ಮೆಸೇಜಿನಲ್ಲೂ, ಬೇಡ ಅನ್ನೋಕೆ ಸುಲಭದ ದಾರಿ ಇರಬೇಕು. ಹಿಟ್ಟು ಕೊಂಡವರಿಗೆ ಹಿಟ್ಟಿನ ಬಗ್ಗೆ ಬರೆಯಬಹುದು, ಸೈಟಿನ ಬಗ್ಗೆ ಬರೆಯೋ ಹಾಗಿಲ್ಲ.

ಯುರೋಪಿನ ಡೇಟಾ ರಕ್ಷಣೆ ಕಾನೂನು, ಅಂದರೆ ಜಿಡಿಪಿಆರ್, ಮೌನವನ್ನು ಹೆಸರು ಹಿಡಿದೇ ತಳ್ಳಿಹಾಕುತ್ತೆ. ಸುಮ್ಮನಿರೋದು, ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಬಿಟ್ಟುಬಿಡೋದು, ಇವು ಒಪ್ಪಿಗೆ ಅಲ್ಲ. ಟಿಕ್ ಬಾಕ್ಸ್ ವಿಷಯವನ್ನು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಒಂದು ಜರ್ಮನ್ ಪ್ರಕರಣದಲ್ಲಿ ಇತ್ಯರ್ಥ ಮಾಡಿತು. ಇನ್ನೊಂದು ನಿಯಮ ನಮ್ಮ ಹಬ್ಬದ ಪಟ್ಟಿಗೆ ನೇರವಾಗಿ ತಗಲುತ್ತೆ: ಯಾವ ಕೆಲಸಕ್ಕೆ ಮಾಹಿತಿ ತಗೊಂಡಿರೋ ಅದಕ್ಕೆ ಹೊಂದದ ಬೇರೆ ಕೆಲಸಕ್ಕೆ ಅದನ್ನು ಬಳಸಬಾರದು. ಎಷ್ಟು ಎಲೆ ಹಾಕಬೇಕು ಅಂತ ತಿಳಿಯೋಕೆ ತಗೊಂಡ ನಂಬರ್ ಹಿಟ್ಟು ಮಾರೋಕೆ ಅಲ್ಲ.

“ಬೆಂಗಳೂರಲ್ಲಿ ಯಾರೂ ಹೀಗೆಲ್ಲ ಕೇಳಲ್ಲ” ಅನ್ನೋರಿಗೆ ಒಂದು ಮಾತು. ಅಲ್ಲೂ 1909ಕ್ಕೆ ಫೋನ್ ಮಾಡಿ ಮಾರಾಟದ ಕರೆ, ಎಸ್ಸೆಮ್ಮೆಸ್ ಬೇಡ ಅನ್ನಬಹುದು. ಟ್ರಾಯ್‌ನ 2018ರ ನಿಯಮಗಳು ಬಂದಮೇಲೆ ಎಸ್ಸೆಮ್ಮೆಸ್ ಕಳಿಸುವ ವ್ಯಾಪಾರಿ ತನ್ನ ಹೆಸರನ್ನೂ ಮೆಸೇಜಿನ ನಮೂನೆಯನ್ನೂ ನೋಂದಾಯಿಸಬೇಕು. ಆ ನಿಯಮ ವಾಟ್ಸಾಪ್‌ವರೆಗೆ ಬಂದಿಲ್ಲ, ಅಷ್ಟೇ. ಬೇಲಿ ಇಲ್ಲದ ಕಡೆ ದನ ಮೇಯಿಸೋದನ್ನ ನಮ್ಮ ಸಂಸ್ಕೃತಿ ಅಂತ ಕರೀಬೇಡಿ.

ವಾಟ್ಸಾಪ್ ಆಗಲೇ ಒಂದು ಬಾಗಿಲು ಇಟ್ಟಿದೆ

ಒಂದು ಉದಾಹರಣೆ ಕಟ್ಟೋಣ. ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನೇ ಇಟ್ಟವು. ಹಾರ್ಲೆಮ್‌ನಲ್ಲಿ ಒಬ್ಬ ಅಕ್ಕ ಪ್ರತಿ ಶನಿವಾರ ಒಂದು ಲೀಟರ್ ಡಬ್ಬದಲ್ಲಿ ದೋಸೆ ಹಿಟ್ಟು ಮಾರ್ತಾರೆ ಅನ್ಕೊಳ್ಳಿ. ಹಬ್ಬದ ಪಟ್ಟಿಯಿಂದ 180 ನಂಬರ್ ತಗೊಂಡು ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡ್ತಾರೆ. ಒಂದು ಲಿಸ್ಟಿಗೆ 256 ಜನರ ಮಿತಿ, ಹಾಗಾಗಿ ಜಾಗ ಇದೆ. ಸೋಮವಾರ ಮೆನು, ಬುಧವಾರ ನೆನಪೋಲೆ, ಗುರುವಾರ “ಕೆಲವೇ ಡಬ್ಬ ಉಳಿದಿವೆ”, ಶುಕ್ರವಾರ “ಕೊನೇ ಅವಕಾಶ”, ಭಾನುವಾರ ಯಾರೋ ಹುಯ್ದ ದೋಸೆಯ ಫೋಟೋ. ವಾರಕ್ಕೆ ಐದು ಮೆಸೇಜ್. ಆರ್ಡರ್ ಬರೋದು 24.

ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ ಒಂದು ಗುಣ ಇದೆ, ಬಹಳ ಜನ ಗಮನಿಸಲ್ಲ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಉಳಿದವರಿಗೆ ಹೋಗೋದೇ ಇಲ್ಲ, ಹೋಗಲಿಲ್ಲ ಅಂತ ನಿಮಗೆ ಯಾರೂ ಹೇಳೋದೂ ಇಲ್ಲ. ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ತೆರೆದರೆ ತಲುಪಿದವರ ಹೆಸರು, ಓದಿದವರ ಹೆಸರು ಕಾಣುತ್ತೆ. ಅಕ್ಕ ಹಾಗೆ ನೋಡಿದಾಗ ತಲುಪಿದವರು 70 ಜನ. ಬಾಕಿ 110 ಜನರ ಫೋನಿನಲ್ಲಿ ಅವರ ನಂಬರೇ ಇಲ್ಲ.

ಈ 110 ಏನು ಹೇಳ್ತಿದೆ? ಇವರು ನಿಮ್ಮನ್ನ ಕರೆದಿಲ್ಲ ಅಂತ ಹೇಳ್ತಿದೆ. ಆದರೆ ನಮ್ಮಲ್ಲಿ ಬಹಳ ಜನ ಇದನ್ನು ಆ್ಯಪಿನ ತೊಂದರೆ ಅಂತ ತಿಳಿದು ಅದಕ್ಕೆ ಪರಿಹಾರ ಹುಡುಕ್ತಾರೆ. ಪರಿಹಾರದ ಹೆಸರು ಗ್ರೂಪ್. ರಾತ್ರೋರಾತ್ರಿ 180 ಜನರನ್ನೂ ಒಂದು ಗ್ರೂಪಿಗೆ ಸೇರಿಸಿಬಿಡ್ತಾರೆ. ಈಗ ಮೆಸೇಜ್ ಎಲ್ಲರಿಗೂ ಹೋಗುತ್ತೆ. ಜೊತೆಗೆ 180 ಜನರ ನಂಬರ್ 180 ಜನರಿಗೂ ಕಾಣುತ್ತೆ. ಹೊರಗೆ ಹೋಗಬೇಕು ಅಂದರೆ ಅಡ್ಮಿನ್‌ಗೆ ಗೊತ್ತಾಗುತ್ತೆ, ಆ ಅಡ್ಮಿನ್ ಮುಂದಿನ ತಿಂಗಳು ನಿಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಬರೋ ಅಕ್ಕ.

ಲೆಕ್ಕ ನೋಡಿ. ಗ್ರೂಪ್ ಮಾಡಿದ ಮೊದಲ ವಾರ ಆರ್ಡರ್ 24ರಿಂದ 29 ಆಯ್ತು, ಮೂರನೇ ವಾರಕ್ಕೆ 25ಕ್ಕೆ ಇಳೀತು ಅನ್ಕೊಳ್ಳಿ. 180 ಜನಕ್ಕೆ ಐದು ಮೆಸೇಜ್ ಅಂದರೆ ವಾರಕ್ಕೆ 900 ಸಲ ಯಾರದೋ ಫೋನ್ ಸದ್ದು ಮಾಡಿದೆ, 25 ಡಬ್ಬ ಹಿಟ್ಟಿಗಾಗಿ. ಒಂದು ಡಬ್ಬಕ್ಕೆ 36 ಮೆಸೇಜ್. ಅಕ್ಕನಿಗೆ ಇದರ ಖರ್ಚು ಸೊನ್ನೆ ಅನ್ನಿಸುತ್ತೆ, ಯಾಕಂದರೆ ಖರ್ಚು ಕೊಡ್ತಿರೋರು ಬೇರೆಯವರು.

ಇಲ್ಲಿ ಡೇಟಾನೇ ಸುಳ್ಳು ಹೇಳುತ್ತೆ

ಅಪರಿಚಿತ ಅಂಗಡಿ ಸ್ಪ್ಯಾಮ್ ಕಳಿಸಿದರೆ ಜನ ಬ್ಲಾಕ್ ಮಾಡ್ತಾರೆ. ದೊಡ್ಡ ವ್ಯಾಪಾರಿಗಳು ಬಳಸುವ ವಾಟ್ಸಾಪ್‌ನ ಎಪಿಐ ಸೇವೆಯಲ್ಲಿ ಈ ಬ್ಲಾಕ್‌ಗಳಿಗೆ ಬೆಲೆ ಇದೆ. ಜನ ಬ್ಲಾಕ್ ಮಾಡೋದು, ದೂರು ಕೊಡೋದು ಹೆಚ್ಚಾದರೆ ವ್ಯಾಪಾರಿಯ ಗುಣಮಟ್ಟದ ಗುರುತು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತೆ. ಒಬ್ಬರಿಗೆ ಈಗಾಗಲೇ ಮಾರಾಟದ ಮೆಸೇಜ್ ಸಾಕಷ್ಟು ಹೋಗಿದ್ದರೆ ಮೆಟಾ ಕಂಪನಿ ಮುಂದಿನದನ್ನು ತಲುಪಿಸೋದೇ ಇಲ್ಲ, ವ್ಯಾಪಾರಿಗೆ `131049` ಅನ್ನುವ ಎರರ್ ಬರುತ್ತೆ. 2025ರ ಏಪ್ರಿಲ್ 1ರಿಂದ ಅಮೆರಿಕದ ನಂಬರ್‌ಗಳಿಗೆ ಇಂಥ ಮಾರಾಟದ ಮೆಸೇಜನ್ನೇ ನಿಲ್ಲಿಸಿದರು. ಮೆಸೇಜಿನಿಂದ ದುಡ್ಡು ಮಾಡುವ ಕಂಪನಿಗೇ ಅತಿಯಾದರೆ ಜನ ಆ್ಯಪ್ ಬಿಟ್ಟು ಹೋಗ್ತಾರೆ ಅನ್ನೋ ಭಯ ಇದೆ.

ನಮ್ಮ ಸಣ್ಣ ಸಮುದಾಯದಲ್ಲಿ ಈ ಎಚ್ಚರಿಕೆ ಗಂಟೆ ಬಾರಿಸೋದೇ ಇಲ್ಲ. ಪರಿಚಯದ ಅಕ್ಕನನ್ನ ಯಾರು ಬ್ಲಾಕ್ ಮಾಡ್ತಾರೆ? ಮ್ಯೂಟ್ ಮಾಡ್ತಾರೆ, ಆರ್ಕೈವ್‌ಗೆ ತಳ್ತಾರೆ. ಎರಡೂ ನಿಮಗೆ ಕಾಣಲ್ಲ. ಎದುರು ಸಿಕ್ಕಾಗ “ನಿಮ್ಮ ಮೆಸೇಜ್ ನೋಡ್ದೆ, ಈ ಸಲ ಸ್ವಲ್ಪ ಬಿಜಿ” ಅಂತಾರೆ. ಸಂಕೋಚಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ. ಅಪರಿಚಿತರ ನಡುವೆ ಮೌನಕ್ಕೆ ಹತ್ತು ಅರ್ಥ ಇರಬಹುದು. ನಮ್ಮವರ ನಡುವೆ ಮೌನಕ್ಕೆ ಬಹಳ ಸಲ ಒಂದೇ ಅರ್ಥ: ಬೇಡ, ಆದರೆ ಹೇಗೆ ಹೇಳಲಿ. ಅದಕ್ಕೇ ‘ನಮ್ಮವರು’ ಅನ್ನೋದು ಒಪ್ಪಿಗೆ ಕೇಳದೇ ಇರೋಕೆ ಕಾರಣ ಆಗಲ್ಲ. ಮೊದಲು ಕೇಳಲೇಬೇಕು ಅನ್ನೋಕೆ ಅದೇ ಕಾರಣ.

ಸರಿ, ಹೇಗೆ ಕೇಳೋದು?

ಗ್ರಾಹಕರೇ ಮೊದಲ ಮೆಸೇಜ್ ಕಳಿಸಬೇಕು. ವಾಟ್ಸಾಪ್‌ನಲ್ಲಿ ಇದಕ್ಕೆ ಒಂದು ಲಿಂಕ್ ಸಾಕು:

```
https://wa.me/316XXXXXXXX?text=DOSE
```

ಇಲ್ಲಿನ ಮೊಬೈಲ್ ನಂಬರ್ 06ರಿಂದ ಶುರುವಾಗುತ್ತೆ. ಮೊದಲ ಸೊನ್ನೆ ಬಿಟ್ಟು ಮುಂದೆ 31 ಸೇರಿಸಿ, ಪ್ಲಸ್ ಗುರುತು ಬೇಡ, ನಡುವೆ ಜಾಗ ಬೇಡ. ಇದನ್ನು ಕ್ಯೂಆರ್ ಕೋಡ್ ಮಾಡಿ ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿ. ಪಕ್ಕದಲ್ಲಿ ಎರಡು ಸಾಲು: “ವಾರಕ್ಕೆ ಒಂದೇ ಮೆಸೇಜ್, ಬುಧವಾರ ಸಂಜೆ. ಬೇಕಿದ್ದರೆ ಸ್ಕ್ಯಾನ್ ಮಾಡಿ, ಸಾಕು ಅನ್ನಿಸಿದಾಗ STOP ಅಂತ ಕಳಿಸಿ.” ಸ್ಕ್ಯಾನ್ ಮಾಡಿದವರಿಗೆ `DOSE` ಅಂತ ಬರೆದ ಮೆಸೇಜ್ ಸಿದ್ಧವಾಗಿ ಕಾಣುತ್ತೆ, ಕಳಿಸೋದು ಬಿಡೋದು ಅವರ ಕೈಲಿ. ಕಳಿಸಿದರೆ ಆ ಮೆಸೇಜೇ, ತಾರೀಖಿನ ಸಮೇತ, ನಿಮ್ಮ ಪುರಾವೆ. ಚಾಟ್ ಅಳಿಸಬೇಡಿ.

ಅವರು ಮೆಸೇಜ್ ಕಳಿಸಿದ ಮಾತ್ರಕ್ಕೆ ನಿಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಲ್ಲ. ಹಾಗಾಗಿ ಉತ್ತರದಲ್ಲಿ ಎರಡು ವಿಷಯ ಕೇಳಿ: ನನ್ನ ನಂಬರ್ ಸೇವ್ ಮಾಡಿಕೊಳ್ಳಿ, ಇಲ್ಲದಿದ್ದರೆ ಮೆಸೇಜ್ ಬರಲ್ಲ, ಮತ್ತೆ, ಕನ್ನಡ ಅಕ್ಷರದಲ್ಲಿ ಬರೀಲಾ, ಇಂಗ್ಲಿಷಲ್ಲಾ? ಎರಡನೇ ಪ್ರಶ್ನೆ ಶೋಕಿಗಲ್ಲ. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಜನರಿಗೆ ಕನ್ನಡ ಮಾತು ಬರುತ್ತೆ, ಲಿಪಿ ಓದೋಕೆ ಬರಲ್ಲ. ಓದಲಾಗದ ಮೆಸೇಜ್ ಎಷ್ಟೇ ಪ್ರೀತಿಯಿಂದ ಬರೆದಿದ್ದರೂ ಅವರಿಗೆ ಅದು ಸ್ಪ್ಯಾಮೇ. ಎರಡು ಲಿಸ್ಟ್ ಮಾಡಿ, ಮುಗೀತು.

ಎಷ್ಟು ಸಲ, ಯಾವಾಗ

ನನ್ನ ನಿಯಮ ಒಂದೇ: ಗ್ರಾಹಕರು ಮಾಡಬೇಕಾದ ಒಂದು ನಿರ್ಧಾರಕ್ಕೆ ಒಂದು ಮೆಸೇಜ್. ಹಿಟ್ಟು ವಾರಕ್ಕೊಮ್ಮೆ ಬೇಕೋ ಬೇಡವೋ ಅನ್ನೋ ನಿರ್ಧಾರ, ಹಾಗಾಗಿ ವಾರಕ್ಕೊಂದು. ಹಬ್ಬದ ತಿಂಡಿಗೆ ಹಬ್ಬಕ್ಕೊಂದು. ಸೀರೆಗೆ ಹೊಸ ಮಾಲು ಬಂದಾಗ ಒಂದು. ಭಾನುವಾರದ ಫೋಟೋ ಯಾವ ನಿರ್ಧಾರವನ್ನೂ ಕೇಳಲ್ಲ. ಅದನ್ನು ಸ್ಟೇಟಸ್‌ನಲ್ಲಿ ಹಾಕಿ, ನೋಡಬೇಕಾದವರು ನೋಡ್ತಾರೆ.

ದಿನ, ಗಂಟೆಯನ್ನು ನಿಮ್ಮ ಕೆಲಸವೇ ತೀರ್ಮಾನ ಮಾಡುತ್ತೆ. ಶನಿವಾರ ಬೆಳಿಗ್ಗೆ ಹಿಟ್ಟು ಹುದುಗು ಬಂದಿರಬೇಕು. ಚಳಿಗಾಲದ ಡಚ್ ಮನೆಯಲ್ಲಿ ಬೆಂಗಳೂರಿನ ಹಾಗೆ ಒಂದು ರಾತ್ರಿಗೆ ಉಬ್ಬಲ್ಲ, ಹೆಚ್ಚು ಹೊತ್ತು ಬೇಕು. ಹಾಗಾಗಿ ಶುಕ್ರವಾರ ಬೆಳಿಗ್ಗೆ ರುಬ್ಬಬೇಕು, ಗುರುವಾರ ರಾತ್ರಿ ಅಕ್ಕಿ ಉದ್ದು ನೆನೆ ಹಾಕಬೇಕು. ಎಷ್ಟು ನೆನೆ ಹಾಕಬೇಕು ಅಂತ ಗುರುವಾರ ರಾತ್ರಿ 9ಕ್ಕೆ ಗೊತ್ತಿರಬೇಕು. ಅದೇ ನಿಮ್ಮ ನಿಜವಾದ ಕೊನೇ ಗಡುವು. ಅದಕ್ಕೆ ಒಂದು ದಿನ ಮುಂಚೆ, ಬುಧವಾರ ಸಂಜೆ, ಮೆಸೇಜ್. “ಕೆಲವೇ ಡಬ್ಬ ಉಳಿದಿವೆ” ಅನ್ನೋ ಸುಳ್ಳು ಗಾಬರಿ ಬೇಡ. ನಿಜವಾದ ಕಾರಣ ಹೇಳಿದರೆ ಜನಕ್ಕೆ ಗಡುವು ಅರ್ಥವಾಗುತ್ತೆ.

“ನೆನಪಿಸದಿದ್ರೆ ಮರೀತಾರೆ, ಹಿಟ್ಟು ಉಳಿದುಹೋಗುತ್ತೆ” ಅನ್ನೋದು ನಿಮ್ಮ ಕಡೆಯ ಗಟ್ಟಿ ವಾದ. ಅದನ್ನು ನಾನು ತಳ್ಳಿಹಾಕಲ್ಲ, ಅಳೆದು ನೋಡಿ ಅಂತೀನಿ. ಒಪ್ಪಿಗೆ ಕೊಟ್ಟ 60 ಜನರನ್ನು ಚೀಟಿ ಎತ್ತಿ 30-30 ಮಾಡಿ. ಒಂದು ಗುಂಪಿಗೆ ಬುಧವಾರದ ಮೆಸೇಜ್ ಮಾತ್ರ, ಇನ್ನೊಂದಕ್ಕೆ ಗುರುವಾರ ಸಂಜೆ ನೆನಪೋಲೆಯೂ. ನಾಲ್ಕು ವಾರ ಆದಮೇಲೆ ಗುಂಪು ಅದಲುಬದಲು ಮಾಡಿ ಇನ್ನು ನಾಲ್ಕು ವಾರ. ಅದಲುಬದಲು ಯಾಕೆ ಅಂದರೆ, ದಿನಾ ದೋಸೆ ತಿನ್ನೋ ನಾಲ್ಕು ಮನೆ ಒಂದೇ ಗುಂಪಿಗೆ ಬಿದ್ದಿರಬಹುದು. ನೀಲಿ ಟಿಕ್ ಎಣಿಸಬೇಡಿ, ಅದನ್ನು ಆಫ್ ಮಾಡಿಟ್ಟವರೂ ಇದ್ದಾರೆ. ಎರಡೇ ವಿಷಯ ಎಣಿಸಿ: ಆರ್ಡರ್ ಮತ್ತು `STOP`.

ಎಂಟು ವಾರದ ಕೊನೆಗೆ ಒಂದೇ ಮೆಸೇಜಿಗೆ 82 ಆರ್ಡರ್, ಒಂದು `STOP`. ನೆನಪೋಲೆ ಇದ್ದಾಗ 86 ಆರ್ಡರ್, ಆರು `STOP` ಬಂತು ಅನ್ಕೊಳ್ಳೋಣ. ಮೇಲ್ನೋಟಕ್ಕೆ ನೆನಪೋಲೆ ಗೆದ್ದಿದೆ. ಮೊದಲನೇ ಮಾತು, ಇಷ್ಟು ಸಣ್ಣ ಗುಂಪಿನಲ್ಲಿ ನಾಲ್ಕು ಆರ್ಡರ್ ವ್ಯತ್ಯಾಸ ಬರೀ ಅದೃಷ್ಟ ಇರಬಹುದು. ಅದು ನಿಜ ಅಂತಲೇ ಇಟ್ಕೊಂಡರೂ ಮುಂದೆ ನೋಡಿ. ಐದು ಜನ ಹೆಚ್ಚಿಗೆ ಹೊರಗೆ ಹೋಗಿದ್ದಾರೆ. ಲಿಸ್ಟಿನಲ್ಲಿ ಒಬ್ಬರು ಸರಾಸರಿ ಮೂರು ವಾರಕ್ಕೊಮ್ಮೆ ಕೊಳ್ತಾರೆ. ಅಂದರೆ ಆ ಐದು ಜನ ಮುಂದಿನ ಎಂಟು ವಾರದಲ್ಲಿ ಸುಮಾರು 13 ಆರ್ಡರ್ ಕೊಡ್ತಿದ್ದರು. ಹೋಗೋರು ಕಡಿಮೆ ಕೊಳ್ಳೋರೇ ಇರ್ತಾರೆ ಅಂತ ಅರ್ಧಕ್ಕೆ ಇಳಿಸಿದರೂ ಆರೇಳು. ನಾಲ್ಕು ಬಂತು, ಆರೇಳು ಹೋಯ್ತು. ಬಂದಿದ್ದು ತಕ್ಷಣ ಕಾಣುತ್ತೆ, ಹೋಗಿದ್ದು ಯಾವತ್ತೂ ಕಾಣಲ್ಲ. ಮಾರೋರೆಲ್ಲ ನೆನಪೋಲೆಯನ್ನು ನಂಬೋದು ಇದಕ್ಕೇ.

ನಿಮ್ಮ ಅಂಕಿ ಬೇರೆ ಬರಬಹುದು, ನೆನಪೋಲೆ ನಿಜವಾಗಿ ಗೆಲ್ಲಲೂಬಹುದು. ಆಗ “ಗುರುವಾರ ನೆನಪಿಸಲಾ?” ಅಂತ ಕೇಳಿ, ಹೌದು ಅಂದವರಿಗೆ ಮಾತ್ರ ಬೇರೆ ಲಿಸ್ಟ್ ಮಾಡಿ. ಆರ್ಡರ್ ಕೊಟ್ಟವರಿಗೆ “ನಾಳೆ 10ಕ್ಕೆ ಬನ್ನಿ” ಅಂತ ಬರೆಯೋದು ಜಾಹೀರಾತಲ್ಲ, ಅದು ಅವರೇ ಕೇಳಿದ ಮಾಹಿತಿ. ಆದರೆ ಅದರ ಬಾಲಕ್ಕೆ “ಈ ವಾರ ಚಕ್ಕುಲಿನೂ ಇದೆ” ಅಂತ ಕಟ್ಟಿದರೆ ಅದೂ ಜಾಹೀರಾತೇ.

ಮಾತು ಹೇಗಿರಬೇಕು

ಲಾಕ್ ಆದ ಫೋನಿನಲ್ಲಿ ಮೊದಲ ಕೆಲವು ಪದ ಮಾತ್ರ ಕಾಣುತ್ತೆ. ಅಲ್ಲಿ “ಎಲ್ಲರಿಗೂ ಶುಭ ಸಂಜೆ, ಹೇಗಿದ್ದೀರಾ” ಅಂತ ಇದ್ದರೆ ಮೆಸೇಜ್ ತೆರೆಯದೆ ವಿಷಯ ಗೊತ್ತಾಗಲ್ಲ. ಓದುವವರ ಹೊತ್ತು ಉಳಿಸೋದೇ ಇಲ್ಲಿ ಮರ್ಯಾದೆ. ಹೀಗೆ ಬರೆದು ನೋಡಿ:

“ಶನಿವಾರ ದೋಸೆ ಹಿಟ್ಟು ಇದೆ, 1 ಲೀಟರ್ 5 ಯೂರೋ. ಬೇಕಿದ್ದರೆ ಗುರುವಾರ ರಾತ್ರಿ 9ರೊಳಗೆ ಎಷ್ಟು ಡಬ್ಬ ಅಂತ ಬರೀರಿ, ಆಮೇಲೆ ಅಕ್ಕಿ ನೆನೆ ಹಾಕ್ತೀನಿ. ಶನಿವಾರ 10ರಿಂದ 12ರವರೆಗೆ ಮನೆಗೆ ಬಂದು ತಗೊಳ್ಳಿ. ಈ ವಾರ ಬೇಡ ಅಂದ್ರೆ ಉತ್ತರ ಬೇಕಿಲ್ಲ. ಮೆಸೇಜೇ ಬೇಡ ಅಂದ್ರೆ STOP.”

ಏನು, ಎಷ್ಟು, ಯಾವಾಗ, ಹೇಗೆ, ಬೇಡ ಅಂದರೆ ಹೇಗೆ. ಅಷ್ಟೇ. “ಈ ವಾರ ಬೇಡ ಅಂದ್ರೆ ಉತ್ತರ ಬೇಕಿಲ್ಲ” ಅನ್ನೋ ಸಾಲು ನೋಡಿ. ನಮ್ಮ ಜನ ಉತ್ತರ ಕೊಡಲಿಲ್ಲವಲ್ಲ ಅಂತಲೇ ಮುಜುಗರ ಪಡ್ತಾರೆ, ಆ ಭಾರವನ್ನು ಇದು ಇಳಿಸುತ್ತೆ. ಬೆಂಕಿ ಎಮೋಜಿ, ಸಾಲುಸಾಲು ಆಶ್ಚರ್ಯಸೂಚಕ, ಮೂರು ನಿಮಿಷದ ವಾಯ್ಸ್ ನೋಟ್, ಇವು ಯಾವುವೂ ಈ ಐದು ಪ್ರಶ್ನೆಗೆ ಉತ್ತರ ಅಲ್ಲ.

ಬ್ರಾಡ್‌ಕಾಸ್ಟ್‌ಗೆ ಬರುವ ಉತ್ತರ ನಿಮಗೊಬ್ಬರಿಗೇ ಕಾಣುತ್ತೆ, ಹಾಗಾಗಿ `STOP` ಕೂಡ ಖಾಸಗಿಯಾಗೇ ಉಳಿಯುತ್ತೆ. ಬಂದ ದಿನವೇ ಹೆಸರು ತೆಗೆಯಿರಿ. “ತೆಗೆದಿದ್ದೀನಿ, ಥ್ಯಾಂಕ್ಸ್” ಅಂತ ಒಂದು ಸಾಲು ಸಾಕು. “ಯಾಕೆ, ಹಿಟ್ಟು ಚೆನ್ನಾಗಿರ್ಲಿಲ್ವಾ?” ಅಂತ ಕೇಳಿದಿರೋ, ಮುಂದೆ ಯಾರೂ ನಿಮಗೆ `STOP` ಬರೆಯಲ್ಲ, ಸುಮ್ಮನೆ ಆರ್ಕೈವ್ ಮಾಡ್ತಾರೆ.

ಸುಮ್ಮನೆ ಇರೋರಿಗೂ ಒಂದು ದಾರಿ ಬೇಕು. ಹನ್ನೆರಡು ವಾರ ಏನೂ ಕೊಳ್ಳದವರಿಗೆ ಒಂದೇ ಒಂದು ಸಲ ಕೇಳಿ: “ಮೆಸೇಜ್ ಮುಂದುವರಿಸಲಾ? ಹೌದು ಅಂದ್ರೆ ಮಾತ್ರ ಉತ್ತರ ಕೊಡಿ.” ಉತ್ತರ ಬರದಿದ್ದರೆ ಹೆಸರು ತೆಗೆಯಿರಿ. ಮೌನಕ್ಕೆ ಅದರ ಸರಿಯಾದ ಅರ್ಥ ಕೊಟ್ಟ ಹಾಗಾಯ್ತು.

ಇದೆಲ್ಲ ಮಾಡಿದರೆ 180ರ ಪಟ್ಟಿ 45ಕ್ಕೆ ಇಳಿಯಬಹುದು, ಹೊಟ್ಟೆ ಉರಿಯಬಹುದು. ಆದರೆ ಆ 45 ಜನಕ್ಕೆ ವಾರಕ್ಕೊಂದು ಮೆಸೇಜ್ ಹೋಗಿ 23 ಡಬ್ಬ ಹೋದರೆ, ಒಂದು ಡಬ್ಬಕ್ಕೆ ಎರಡು ಮೆಸೇಜ್ ಆಯ್ತು, 36 ಅಲ್ಲ. ಉಳಿದ 135 ಜನ ನಿಮ್ಮ ಗ್ರಾಹಕರಾಗಿ ಯಾವತ್ತೂ ಇರಲಿಲ್ಲ. ನಿಮ್ಮ ನೆರೆಯವರಾಗಿದ್ದರು. ಈಗ ಅವರು ನಿಮ್ಮನ್ನ ಎದುರಿಗೆ ಕಂಡಾಗ ನೆಪ ಹೇಳಬೇಕಿಲ್ಲ. ಹಬ್ಬದ ಪಟ್ಟಿ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಇವತ್ತೇ ಅಳಿಸಿ, ಗ್ರೂಪ್ ಮುಚ್ಚಿ, ಮುಚ್ಚಳದ ಮೇಲೆ ಕೋಡ್ ಅಂಟಿಸಿ. ಬರೋರು ಬರಲಿ.